ಲಾಂಗ್–ಶಾರ್ಟ್ ರೇಶಿಯೋ: ಗುಂಪಿನ ವಿರುದ್ಧ ಯಾವಾಗ ಹೋಗಬೇಕು, ಯಾವಾಗ ಸುಮ್ಮನಿರಬೇಕು

ಪ್ರಶ್ನೆ: ಸರ್, ನಾನು ಬೈನಾನ್ಸ್‌ನಲ್ಲಿ BTCUSDT ಪರ್ಪೆಚುವಲ್, ಅಂದರೆ ಮುಕ್ತಾಯ ದಿನಾಂಕ ಇಲ್ಲದ ಬಿಟ್‌ಕಾಯಿನ್ ಫ್ಯೂಚರ್ಸ್, ಟ್ರೇಡ್ ಮಾಡ್ತೀನಿ. ಬೆಲೆ ಏರುತ್ತೆ ಅಂತ ಜಾಸ್ತಿ ಜನ ಲಾಂಗ್ ಇದ್ದರೆ, ಇಳಿಯುತ್ತೆ ಅಂತ ಶಾರ್ಟ್ ಮಾಡಬೇಕು, ಗುಂಪು ಯಾವಾಗಲೂ ತಪ್ಪು ಅಂತ ಎಲ್ಲ ಕಡೆ ಹೇಳ್ತಾರೆ. ಎರಡು ದಿನ ಬೆಲೆ ಇಳಿದ ಮೇಲೆ Long/Short Ratio 1.8 ತೋರಿಸ್ತು, ಶಾರ್ಟ್ ಹಾಕಿದೆ. ಬೆಲೆ ಏರಿ, ನಷ್ಟ ತಡೆಯೋಕೆ ಇಟ್ಟ ಸ್ಟಾಪ್ ಹೊಡೀತು. ಹೀಗೇ ನಾಲ್ಕೈದು ಸಲ ಆಯ್ತು. ಈ ರೇಶಿಯೋ ನಿಜಕ್ಕೂ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತದೆ, ಆದರೆ ತೀರಾ ಅಂಚಿಗೆ ಹೋದಾಗ ಮಾತ್ರ. ಬಿಟ್‌ಕಾಯಿನ್‌ನಲ್ಲಿ 1.8 ಅನ್ನೋದು ಸಾಮಾನ್ಯವಾಗಿ ಅಂಚಲ್ಲ. ಆ ಮಟ್ಟ ಆಗಾಗ ಬಂದು ಹೋಗುತ್ತದೆ. ಮಧ್ಯದಲ್ಲಿ ಈ ಸಂಖ್ಯೆ ಮುಂದಿನ ಬೆಲೆಯ ಬಗ್ಗೆ ಹೆಚ್ಚೇನೂ ಹೇಳೋದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಅದು ಏನನ್ನು ಎಣಿಸುತ್ತದೆ ಅನ್ನೋದನ್ನು ನೋಡಬೇಕು.

ನೀವು ನೋಡಿದ Long/Short Ratio ಎಣಿಸುವುದು ಅಕೌಂಟುಗಳನ್ನು, ಹಣವನ್ನಲ್ಲ. ಆ ಕಾಂಟ್ರಾಕ್ಟ್‌ನಲ್ಲಿ ಪೊಸಿಶನ್ ಇರುವ ಪ್ರತಿ ಅಕೌಂಟನ್ನೂ ಒಂದೇ ಸಲ ಎಣಿಸುತ್ತಾರೆ. ಒಟ್ಟಾರೆ ಲಾಂಗ್ ಇದ್ದರೆ ಲಾಂಗ್, ಒಟ್ಟಾರೆ ಶಾರ್ಟ್ ಇದ್ದರೆ ಶಾರ್ಟ್. ಐವತ್ತು ಡಾಲರ್ ಹಾಕಿದವರಿಗೂ ಒಂದೇ ಓಟು, ಐವತ್ತು ಲಕ್ಷ ಡಾಲರ್ ಹಾಕಿದವರಿಗೂ ಒಂದೇ ಓಟು. 1.8 ಅಂದರೆ ನೂರರಲ್ಲಿ ಸುಮಾರು 64 ಅಕೌಂಟ್ ಲಾಂಗ್, 36 ಶಾರ್ಟ್. ಅಷ್ಟೇ.

ಹಣದ ಲೆಕ್ಕದಲ್ಲಿ ಮಾತ್ರ ಎರಡು ಕಡೆಯೂ ಯಾವಾಗಲೂ ಸಮ. ಫ್ಯೂಚರ್ಸ್‌ನಲ್ಲಿ ಒಬ್ಬ ಲಾಂಗ್ ಆಗಬೇಕಾದರೆ ಎದುರಿಗೆ ಇನ್ನೊಬ್ಬ ಶಾರ್ಟ್ ಇರಲೇಬೇಕು. ಹಾಗಾಗಿ ‘ಮಾರ್ಕೆಟ್‌ನಲ್ಲಿ ಲಾಂಗ್ ಜಾಸ್ತಿ ಇದೆ’ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಲಾಂಗ್ ಆದ ಜನ ಜಾಸ್ತಿ ಇರಬಹುದು, ಲಾಂಗ್ ಆದ ಕಾಂಟ್ರಾಕ್ಟ್ ಜಾಸ್ತಿ ಇರಲು ಸಾಧ್ಯವಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಅಕೌಂಟ್ ಇವೆ, ತೆರೆದಿರುವ ಪೊಸಿಶನ್ ಒಟ್ಟು 700 ಬಿಟ್‌ಕಾಯಿನ್ ಅಂತ ಇಟ್ಟುಕೊಳ್ಳಿ. 700 ಅಕೌಂಟ್ ಲಾಂಗ್, 300 ಶಾರ್ಟ್. ಲಾಂಗ್ ಕಡೆ ಒಬ್ಬೊಬ್ಬರ ಸರಾಸರಿ ಒಂದು ಬಿಟ್‌ಕಾಯಿನ್. ಅದೇ 700 ಬಿಟ್‌ಕಾಯಿನ್ ಶಾರ್ಟ್ ಕಡೆ 300 ಜನರ ಕೈಯಲ್ಲಿದೆ, ಅಂದರೆ ಸರಾಸರಿ 2.33. ಇನ್ನು ರೇಶಿಯೋ ನೋಡಿ: 700 ಭಾಗಿಸು 300, ಅದೂ 2.33. ಇದು ಕಾಕತಾಳೀಯ ಅಲ್ಲ. ಈ ರೇಶಿಯೋ ಅಂದರೆ ಒಬ್ಬ ಸರಾಸರಿ ಶಾರ್ಟ್ ಒಬ್ಬ ಸರಾಸರಿ ಲಾಂಗ್‌ಗಿಂತ ಎಷ್ಟು ಪಟ್ಟು ದೊಡ್ಡವನು ಅನ್ನೋ ಅಳತೆಯೇ. ಇದನ್ನು ಹೀಗೆ ಓದುವುದಕ್ಕೆ ಶುರು ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಇಲ್ಲೇ ಬಹಳ ಜನ ಒಂದು ಹೆಜ್ಜೆ ಜಾಸ್ತಿ ಹಾಕುತ್ತಾರೆ. ದೊಡ್ಡವರು ಶಾರ್ಟ್ ಇದ್ದಾರೆ, ದೊಡ್ಡವರು ಬುದ್ಧಿವಂತರು, ಆದ್ದರಿಂದ ಬೆಲೆ ಇಳಿಯುತ್ತದೆ ಅಂತ. ಆದರೆ ಆ ದೊಡ್ಡ ಶಾರ್ಟ್‌ಗಳಲ್ಲಿ ಬಹಳಷ್ಟು ಜನಕ್ಕೆ ಬೆಲೆ ಇಳಿದರೂ ಒಂದೇ, ಏರಿದರೂ ಒಂದೇ. ಒಬ್ಬರು ಸ್ಪಾಟ್‌ನಲ್ಲಿ, ಅಂದರೆ ನೇರವಾಗಿ, 10 ಬಿಟ್‌ಕಾಯಿನ್ ಕೊಂಡು, ಪರ್ಪೆಚುವಲ್‌ನಲ್ಲಿ 10 ಬಿಟ್‌ಕಾಯಿನ್ ಶಾರ್ಟ್ ಮಾಡುತ್ತಾರೆ. ಬೆಲೆ ಎತ್ತ ಹೋದರೂ ಒಂದರ ನಷ್ಟ ಇನ್ನೊಂದರ ಲಾಭ. ಅವರಿಗೆ ಬೇಕಿರುವುದು ಫಂಡಿಂಗ್ ಮಾತ್ರ, ಅಂದರೆ ಅದು ಸೊನ್ನೆಗಿಂತ ಮೇಲಿದ್ದಾಗ ಲಾಂಗ್‌ಗಳು ಶಾರ್ಟ್‌ಗಳಿಗೆ, ಕೆಳಗಿದ್ದಾಗ ಶಾರ್ಟ್‌ಗಳು ಲಾಂಗ್‌ಗಳಿಗೆ ಕೊಡುವ ಹಣ. ಎಂಟು ಗಂಟೆಗೆ 0.01% ಸಿಕ್ಕರೂ ದಿನಕ್ಕೆ ಮೂರು ಸಲ, ವರ್ಷಕ್ಕೆ ಸುಮಾರು 11% ಆಗುತ್ತದೆ. ಕೊಳ್ಳುವ, ಮಾರುವ ಎರಡೂ ಬೆಲೆ ಕೊಡುತ್ತಾ ಕೂರುವ ಮಾರ್ಕೆಟ್ ಮೇಕರ್‌ಗಳೂ ಹೀಗೇ, ಒಂದು ಕಡೆ ಬಂದ ಪೊಸಿಶನ್ನನ್ನು ಇನ್ನೊಂದು ಕಡೆ ಸರಿದೂಗಿಸಿಕೊಂಡು ಕೂತಿರುತ್ತಾರೆ. ಇವರ ಶಾರ್ಟ್‌ನಲ್ಲಿ ಅಭಿಪ್ರಾಯ ಅನ್ನೋದೇ ಇಲ್ಲ. ಅದನ್ನು ನಾವು ಹಿಂಬಾಲಿಸಿದರೆ, ಅವರ ಬಳಿ ಇರುವ ಸ್ಪಾಟ್ ನಮ್ಮ ಬಳಿ ಇಲ್ಲ ಅನ್ನೋದನ್ನು ಮರೆತಂತೆ.

ಇದೇ ಕಾರಣಕ್ಕೆ ರೇಶಿಯೋದ ‘ಸಮತೋಲನ’ 1 ಅಲ್ಲ. ಚಿಕ್ಕ ಅಕೌಂಟಿನವರು ಕ್ರಿಪ್ಟೋಗೆ ಬರುವುದೇ ಬೆಲೆ ಏರುತ್ತದೆ ಅನ್ನೋ ನಂಬಿಕೆಯಿಂದ. ಎದುರಿಗೆ ಹೀಗೆ ಸರಿದೂಗಿಸಿಕೊಂಡು ಹೆಡ್ಜ್ ಮಾಡುವ ದೊಡ್ಡವರು. ಹಾಗಾಗಿ ಮಾಮೂಲಿ ದಿನದಲ್ಲೂ ಸಂಖ್ಯೆ ಹೆಚ್ಚಾಗಿ 1ರ ಮೇಲೇ ಇರುತ್ತದೆ. ಚಿಕ್ಕ ಕಾಯಿನ್‌ಗಳಲ್ಲಿ ಇನ್ನೂ ಮೇಲೆ. 1 ದಾಟಿತು ಅಂದ ಕೂಡಲೇ ಗುಂಪು ಸೇರಿದೆ ಅಂದುಕೊಂಡರೆ ವರ್ಷವಿಡೀ ಶಾರ್ಟ್ ಮಾಡುತ್ತಲೇ ಇರಬೇಕಾಗುತ್ತದೆ.

ಇನ್ನು ನಿಮ್ಮ ಟ್ರೇಡ್‌ಗೆ ಬರೋಣ. ‘ಎರಡು ದಿನ ಬೆಲೆ ಇಳಿದ ಮೇಲೆ’ ಅಂತ ನೀವೇ ಬರೆದಿದ್ದೀರಿ. ಉತ್ತರ ಆ ಮಾತಿನಲ್ಲೇ ಇದೆ.

ಬೆಲೆ ಒಂದು ಗಂಟೆಯಲ್ಲಿ 3% ಬಿತ್ತು ಅಂತ ಇಟ್ಟುಕೊಳ್ಳಿ. ಆ ಗಂಟೆಯಲ್ಲಿ ಏನಾಗುತ್ತದೆ? ಕೆಳಗೆ ಮೊದಲೇ ಲಿಮಿಟ್ ಆರ್ಡರ್ ಹಾಕಿಟ್ಟು ಮಲಗಿದ್ದವರ ಖರೀದಿ ಒಂದೊಂದಾಗಿ ತುಂಬಿಕೊಳ್ಳುತ್ತದೆ. ನಿನ್ನೆ ಪೊಸಿಶನ್ ಇಲ್ಲದವರು ಇವತ್ತು ಲಾಂಗ್. ಅದೇ ಹೊತ್ತಿಗೆ ಶಾರ್ಟ್ ಇದ್ದ ಚಿಕ್ಕ ಅಕೌಂಟುಗಳ ಟೇಕ್ ಪ್ರಾಫಿಟ್ ತಗಲುತ್ತದೆ, ಅವರು ಎಣಿಕೆಯಿಂದಲೇ ಹೊರಗೆ ಹೋಗುತ್ತಾರೆ. ನಷ್ಟದಲ್ಲಿರುವ ಲಾಂಗ್‌ಗಳು ಮಾತ್ರ ‘ಸ್ವಲ್ಪ ಏರಲಿ, ಆಮೇಲೆ ಮಾರೋಣ’ ಅಂತ ಹಾಗೇ ಇರುತ್ತಾರೆ. ಲಾಂಗ್ ಅಕೌಂಟ್ ಹೆಚ್ಚಿತು, ಶಾರ್ಟ್ ಅಕೌಂಟ್ ಕಡಿಮೆ ಆಯ್ತು. ರೇಶಿಯೋ 1.4ರಿಂದ 1.8ಕ್ಕೆ ಹೋಗಲು ಇಷ್ಟೇ ಸಾಕು. ಯಾರ ಮನಸ್ಸೂ ಬದಲಾಗಬೇಕಿಲ್ಲ. ಬೆಲೆ ಏರಿದಾಗ ಇದೇ ಉಲ್ಟಾ. ಲಾಂಗ್‌ಗಳು ಲಾಭ ತೆಗೆದುಕೊಂಡು ಹೊರಡುತ್ತಾರೆ, ‘ಇಷ್ಟು ಏರಿದ್ದು ಸಾಕು’ ಅನ್ನುವವರು ಶಾರ್ಟ್ ಹಾಕುತ್ತಾರೆ, ರೇಶಿಯೋ ಇಳಿಯುತ್ತದೆ.

ಅಂದರೆ ಮಧ್ಯದ ಏರಿಳಿತದಲ್ಲಿ ಈ ರೇಶಿಯೋ ಬೆಲೆಯ ನೆರಳು. ಬೆಲೆಯ ಗೆರೆ ಮತ್ತು ರೇಶಿಯೋದ ಗೆರೆ ಒಂದರ ಮೇಲೊಂದು ಇಟ್ಟು ನೋಡಿ. ಬಹಳ ದಿನ ಅವು ಕನ್ನಡಿಯ ಬಿಂಬದ ಹಾಗೆ ಕಾಣುತ್ತವೆ. ನೆರಳಿನಿಂದ ಹೊಸ ಸುದ್ದಿ ಸಿಗುವುದಿಲ್ಲ, ಬೆಲೆ ಇಳಿದಿದೆ ಅನ್ನೋ ಹಳೇ ಸುದ್ದಿಯೇ ಮತ್ತೊಂದು ರೂಪದಲ್ಲಿ ಸಿಗುತ್ತದೆ.

ಈಗ ನೀವು ಮಾಡಿದ್ದನ್ನು ಹೀಗೆ ನೋಡಿ. ರೇಶಿಯೋ ಮೇಲಿದ್ದಾಗ ಶಾರ್ಟ್ ಮಾಡುವುದು ಅಂದರೆ ಬೆಲೆ ಇಳಿದ ಮೇಲೆ ಶಾರ್ಟ್ ಮಾಡುವುದು. ಇದು ಗುಂಪಿನ ವಿರುದ್ಧದ ಟ್ರೇಡ್ ಅಂತ ಅನ್ನಿಸುತ್ತದೆ, ನಿಜದಲ್ಲಿ ಟ್ರೆಂಡ್ ಹಿಡಿಯುವ ಟ್ರೇಡ್. ಬೆಲೆ ಗಟ್ಟಿಯಾಗಿ ಇಳಿಯುತ್ತಲೇ ಇರುವ ತಿಂಗಳಲ್ಲಿ ಇದರಿಂದ ದುಡ್ಡು ಬರುತ್ತದೆ, ‘ಗುಂಪು ಯಾವಾಗಲೂ ತಪ್ಪು’ ಅನ್ನೋ ಮಾತು ಹುಟ್ಟುವುದೂ ಅಂಥ ತಿಂಗಳಲ್ಲೇ. ಆದರೆ ಬೆಲೆ ಒಂದು ಅಳತೆಯೊಳಗೆ ಮೇಲೆ ಕೆಳಗೆ ಆಡುತ್ತಿರುವಾಗ ಇದೇ ನಿಯಮ ನಿಮ್ಮ ಕೈಯಲ್ಲಿ ಪ್ರತಿ ಸಲ ತಳದಲ್ಲಿ ಮಾರಿಸುತ್ತದೆ. ನಿಮಗೆ ನಾಲ್ಕೈದು ಸಲ ಆಗಿರುವುದು ಬಹುಶಃ ಇದೇ. ಗುಂಪು ಆ ದಿನಗಳಲ್ಲಿ ಸರಿಯಾಗಿಯೇ ಇತ್ತು, ಇಳಿದಾಗ ಕೊಂಡು ಏರಿದಾಗ ಮಾರುತ್ತಿತ್ತು.

ಹಾಗಾದರೆ ಅಂಚಿನಲ್ಲಿ ಏನು ಬದಲಾಗುತ್ತದೆ? ಅಲ್ಲಿ ಜನರ ಅಭಿಪ್ರಾಯ ತಪ್ಪಾಗುವುದಕ್ಕಿಂತ ದೊಡ್ಡದೊಂದು ಸಂಗತಿ ಇದೆ. ಅವರಿಗೆ ಇಷ್ಟ ಇರಲಿ ಬಿಡಲಿ, ಪೊಸಿಶನ್ ಮುಚ್ಚಲೇಬೇಕಾದ ಪರಿಸ್ಥಿತಿ ಬರುತ್ತದೆ. ಅಂಚಿನ ಸಿಗ್ನಲ್ ನಿಂತಿರುವುದು ಲಿಕ್ವಿಡೇಶನ್ ಮೇಲೆ, ಅಂದರೆ ಪಣವಾಗಿ ಇಟ್ಟ ಮಾರ್ಜಿನ್ ಹಣ ನಷ್ಟಕ್ಕೆ ಸಾಲದಾದಾಗ ಎಕ್ಸ್‌ಚೇಂಜ್ ಪೊಸಿಶನ್ನನ್ನು ತಾನೇ ಮುಚ್ಚುವುದರ ಮೇಲೆ.

ರೇಶಿಯೋ 4ಕ್ಕೆ ಹೋಯ್ತು ಅಂತ ಊಹಿಸಿ. ನೂರರಲ್ಲಿ 80 ಅಕೌಂಟ್ ಲಾಂಗ್. ಮೇಲಿನ ಲೆಕ್ಕದ ಪ್ರಕಾರ ಒಬ್ಬ ಸರಾಸರಿ ಲಾಂಗ್ ಒಬ್ಬ ಸರಾಸರಿ ಶಾರ್ಟ್‌ನ ಕಾಲು ಭಾಗ. ಚಿಕ್ಕ ಅಕೌಂಟುಗಳು ಸಾಮಾನ್ಯವಾಗಿ ಜಾಸ್ತಿ ಲಿವರೇಜ್ ಹಾಕಿರುತ್ತವೆ, ಅಂದರೆ ಹಾಕಿದ ಹಣಕ್ಕಿಂತ ಎಷ್ಟೋ ಪಟ್ಟು ದೊಡ್ಡ ಪೊಸಿಶನ್ ಹಿಡಿದಿರುತ್ತವೆ, ನಷ್ಟ ಬಂದರೆ ಸೇರಿಸಲು ಹೆಚ್ಚುವರಿ ಮಾರ್ಜಿನ್ ಇರುವುದಿಲ್ಲ. ಜೊತೆಗೆ ಇಷ್ಟು ಜನ ಒಟ್ಟಿಗೆ ಸೇರುವುದು ನಿಧಾನವಾಗಿ ಅಲ್ಲ, ಕೆಲವೇ ದಿನಗಳಲ್ಲಿ. ಹಾಗಾಗಿ ಅವರು ಒಳಗೆ ಬಂದ ಬೆಲೆಗಳೂ ಹತ್ತಿರ ಹತ್ತಿರ ಇರುತ್ತವೆ.

ಇದನ್ನು ಸಂಖ್ಯೆಯಲ್ಲಿ ನೋಡಿ. ಉದಾಹರಣೆಗೆ ಈ ಲಾಂಗ್‌ಗಳು 98,000ದಿಂದ 1,01,000 ಡಾಲರ್ ನಡುವೆ ಕೊಂಡಿದ್ದಾರೆ, 20 ಪಟ್ಟು ಲಿವರೇಜ್, ಐಸೊಲೇಟೆಡ್ ಮಾರ್ಜಿನ್, ಅಂದರೆ ಆ ಪೊಸಿಶನ್‌ಗೆ ಇಟ್ಟ ಹಣ ಮಾತ್ರ ಪಣಕ್ಕೆ. ಕೈಯಿಂದ ಹಾಕಿದ್ದು 5%. ಚಿಕ್ಕ ಪೊಸಿಶನ್‌ಗೆ ಉಳಿದಿರಲೇಬೇಕಾದ ಮಾರ್ಜಿನ್ 0.4% ಅಂತ ಹಿಡಿಯಿರಿ. 1,01,000ಕ್ಕೆ ಕೊಂಡವರು ಸುಮಾರು 96,300ರಲ್ಲಿ ಹೊರಬೀಳುತ್ತಾರೆ, 98,000ಕ್ಕೆ ಕೊಂಡವರು ಸುಮಾರು 93,500ರಲ್ಲಿ. ಅಂದರೆ ಆ ಇಡೀ ಗುಂಪಿನ ಲಿಕ್ವಿಡೇಶನ್ 2,800 ಡಾಲರ್ ಅಗಲದ ಒಂದೇ ಪಟ್ಟಿಯೊಳಗೆ ತುಂಬಿಕೊಂಡಿದೆ. ಬೆಲೆ 96,300 ಮುಟ್ಟಿದರೆ ಮೊದಲ ಸಾಲಿನವರ ಪೊಸಿಶನ್ನನ್ನು ಎಕ್ಸ್‌ಚೇಂಜ್ ತಾನೇ ಮಾರುತ್ತದೆ. ಆ ಮಾರಾಟವೇ ಬೆಲೆಯನ್ನು ಇನ್ನಷ್ಟು ಕೆಳಗೆ ತಳ್ಳಿ ಎರಡನೇ ಸಾಲನ್ನು ಮುಟ್ಟಿಸುತ್ತದೆ. ಇದೇ ಜನ 80,000ದಿಂದ 1,00,000ದವರೆಗೆ ಬೇರೆ ಬೇರೆ ಬೆಲೆಗೆ, ಬೇರೆ ಬೇರೆ ಲಿವರೇಜ್‌ನಲ್ಲಿ ಹರಡಿದ್ದರೆ ಇಂಥ ಸರಪಳಿ ಹತ್ತಿಕೊಳ್ಳುವುದೇ ಇಲ್ಲ.

ಇನ್ನೊಂದು ಕಡೆಯಿಂದ ಯೋಚಿಸಿದರೂ ಅಷ್ಟೇ. ಕೊಳ್ಳಬೇಕಾದ ಚಿಕ್ಕವರೆಲ್ಲ ಆಗಲೇ ಕೊಂಡಾಗಿದೆ. ಬೆಲೆಯನ್ನು ಮೇಲೆತ್ತಲು ಹೊಸ ಖರೀದಿ ಬೇಕು, ಅದು ಬರುವ ದಾರಿ ಕಿರಿದಾಗಿದೆ. 64 ಮತ್ತು 36ರ ಹೊತ್ತಿನಲ್ಲಿ ಈ ಎರಡು ಸಂಗತಿಗಳೂ ಇರುವುದಿಲ್ಲ. ಆಗ ಕೊಳ್ಳುವವರೂ ಬೇಕಾದಷ್ಟು ಇದ್ದಾರೆ, ಲಿಕ್ವಿಡೇಶನ್ ಬೆಲೆಗಳೂ ಚದುರಿಕೊಂಡಿವೆ. ಆದ್ದರಿಂದಲೇ ಈ ಸಂಬಂಧ ನೇರ ಗೆರೆಯಲ್ಲ. ರೇಶಿಯೋ ಸ್ವಲ್ಪ ಏರಿದರೆ ಸಿಗ್ನಲ್ ಸ್ವಲ್ಪ, ಜಾಸ್ತಿ ಏರಿದರೆ ಜಾಸ್ತಿ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಬಹಳ ದೂರದವರೆಗೆ ಏನೂ ಇಲ್ಲ, ಕೊನೆಯಲ್ಲಿ ಒಮ್ಮೆಲೇ ಇದೆ.

2025ರ ಅಕ್ಟೋಬರ್ 10ರ ರಾತ್ರಿ ನೆನಪಿಸಿಕೊಳ್ಳಿ. ಚೀನಾದ ಸರಕಿನ ಮೇಲೆ ಇನ್ನೂ 100% ಸುಂಕ ಹಾಕುತ್ತೇನೆ ಅಂತ ಟ್ರಂಪ್ ಹೇಳಿದರು. ಮುಂದಿನ 24 ಗಂಟೆಯಲ್ಲಿ, ಡೇಟಾ ಸೈಟ್ ಕಾಯಿನ್‌ಗ್ಲಾಸ್ ಲೆಕ್ಕದ ಪ್ರಕಾರ, 1,900 ಕೋಟಿ ಡಾಲರಿಗೂ ಹೆಚ್ಚಿನ ಪೊಸಿಶನ್ ಲಿಕ್ವಿಡೇಟ್ ಆಯ್ತು, ಅದರಲ್ಲಿ ಬಹುಪಾಲು ಲಾಂಗ್. ಸುಂಕದ ಸುದ್ದಿ ಯಾವ ರೇಶಿಯೋದಲ್ಲೂ ಮೊದಲೇ ಕಾಣುವಂಥದ್ದಲ್ಲ. ಆದರೆ ಅದೇ ಸುದ್ದಿ, ಲಿವರೇಜ್ ಇಲ್ಲದ ಮಾರ್ಕೆಟ್‌ಗೆ ಬಂದಿದ್ದರೆ ಬೆಲೆ ಇಳಿಯುತ್ತಿತ್ತು, ಹೀಗೆ ಕುಸಿಯುತ್ತಿರಲಿಲ್ಲ. ಒಂದೇ ಕಡೆ ಸೇರಿದ ಗುಂಪಿನಿಂದ ನಮಗೆ ಗೊತ್ತಾಗುವುದು ಇದು: ಉಲ್ಟಾ ಹೊಡೆದರೆ ಎಷ್ಟು ಜೋರಾಗಿ ಹೊಡೆಯಬಹುದು ಅಂತ. ಯಾವತ್ತು ಅಂತ ಅಲ್ಲ.

ಈಗ ಅಂಚು ಅಂದರೆ ಎಷ್ಟು ಅನ್ನೋ ಪ್ರಶ್ನೆ. ಎಲ್ಲ ಕಾಯಿನ್‌ಗೂ ಸಲ್ಲುವ ಒಂದು ಸಂಖ್ಯೆ ಇಲ್ಲ. ಆ ಕಾಯಿನ್‌ನ ಹಿಂದಿನ ದಿನಗಳ ಜೊತೆಗೇ ಹೋಲಿಸಬೇಕು. ನಾನು ರೇಶಿಯೋ ಬಿಟ್ಟು ಲಾಂಗ್ ಅಕೌಂಟುಗಳ ಶೇಕಡಾವಾರನ್ನೇ ನೋಡುತ್ತೇನೆ. ರೇಶಿಯೋ ಮೇಲಕ್ಕೆ ಹೋದಂತೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಲಾಂಗ್ 50%ರಿಂದ 60% ಆದರೆ ರೇಶಿಯೋ 1ರಿಂದ 1.5, ಅದೇ 80%ರಿಂದ 90% ಆದರೆ 4ರಿಂದ 9. ಕೆಳಗಡೆ ಅಷ್ಟೇ ದೊಡ್ಡ ಬದಲಾವಣೆ 0.25ರಿಂದ 0.11 ಅಂತ ಕಾಣಿಸಿ ಕಣ್ಣಿಗೇ ಬೀಳುವುದಿಲ್ಲ.

ಡೇಟಾ ಇಲ್ಲಿ ಸಿಗುತ್ತದೆ:

```
https://fapi.binance.com/futures/data/globalLongShortAccountRatio?symbol=BTCUSDT&period=1h&limit=500
```

ಬರುವ ಉತ್ತರದಲ್ಲಿ longAccount ಅನ್ನೋ ಕಾಲಂ ನಿಮಗೆ ಬೇಕಾದ್ದು. ಒಂದು ತೊಡಕು ಏನಂದರೆ ಇದರಲ್ಲಿ ಒಂದು ಸಲಕ್ಕೆ 500 ಗಂಟೆಗಳದ್ದು, ಒಟ್ಟಾರೆ ಹಿಂದಿನ 30 ದಿನಗಳದ್ದು ಮಾತ್ರ ಸಿಗುತ್ತದೆ. 30 ದಿನದಲ್ಲಿ ಅಂಚು ಯಾವುದು ಅಂತ ತಿಳಿಯಲು ಆಗೋದಿಲ್ಲ, ಆ ತಿಂಗಳೆಲ್ಲ ಮಂದವಾಗಿದ್ದರೆ ಮಾಮೂಲಿ ಸಂಖ್ಯೆಯೂ ‘ತಿಂಗಳಲ್ಲೇ ಅತಿ ಹೆಚ್ಚು’ ಅಂತ ತೋರಿಸುತ್ತದೆ. ಆದ್ದರಿಂದ ಇವತ್ತಿನಿಂದಲೇ ಕೂಡಿಡಲು ಶುರು ಮಾಡಿ. ಮೂರು ತಿಂಗಳಾದ ಮೇಲೆ, ಕೂಡಿಟ್ಟದ್ದನ್ನು ಸಮಯದ ಕ್ರಮದಲ್ಲಿ df ಅನ್ನೋ pandas ಪಟ್ಟಿಗೆ ಹಾಕಿದರೆ, ಒಂದು ಸಾಲಿನ ಕೆಲಸ:

```python
df["rank"] = df["longAccount"].astype(float).rolling(24*90).rank(pct=True)
```

ಇವತ್ತಿನ ಮಟ್ಟ ಹಿಂದಿನ 90 ದಿನಗಳಲ್ಲಿ ಎಷ್ಟನೇ ಜಾಗದಲ್ಲಿದೆ ಅಂತ ಇದು ಹೇಳುತ್ತದೆ. 0.95ಕ್ಕಿಂತ ಮೇಲೆ ಅಥವಾ 0.05ಕ್ಕಿಂತ ಕೆಳಗೆ ಬಂದಾಗ ಮಾತ್ರ ನಾನು ಕಣ್ಣೆತ್ತಿ ನೋಡುತ್ತೇನೆ. ಉಳಿದ ಹೊತ್ತು ಈ ಪಟ್ಟಿಯನ್ನು ತೆರೆಯುವುದೇ ಬೇಡ.

ಇಲ್ಲೊಂದು ಎಚ್ಚರಿಕೆ. ಅಂಚಿನಲ್ಲಿ ಶಾರ್ಟ್ ಮಾಡಿದ್ದರೆ ಎಷ್ಟು ಸಲ ಗೆಲ್ಲುತ್ತಿದ್ದೆ ಅಂತ ನೀವು ಪರೀಕ್ಷಿಸಿಯೇ ಪರೀಕ್ಷಿಸುತ್ತೀರಿ, ಒಳ್ಳೆಯದೇ. 90 ದಿನ ಅಂದರೆ 2,160 ಗಂಟೆ, ಅದರ 5% ಅಂದರೆ 108 ಗಂಟೆ. 108ರಲ್ಲಿ 80 ಸಲ ಬೆಲೆ ಇಳಿದಿದೆ ಅಂತ ಬಂದರೆ ಖುಷಿಯಾಗುತ್ತದೆ. ಆದರೆ ಆ 108 ಗಂಟೆಗಳು ಬಿಡಿಬಿಡಿಯಾಗಿ ಬಂದಿರುವುದಿಲ್ಲ. ಒಂದು ಸಲ 30 ಗಂಟೆ, ಇನ್ನೊಂದು ಸಲ 50 ಗಂಟೆ, ಹೀಗೆ ಮೂರ್ನಾಲ್ಕು ಗುಂಪಾಗಿ ಬಂದಿರುತ್ತವೆ. ನಿಜವಾಗಿ ನಿಮ್ಮ ಬಳಿ ಇರುವುದು ಮೂರ್ನಾಲ್ಕು ಘಟನೆ. ಅದರಲ್ಲಿ ಮೂರು ಗೆದ್ದಿದ್ದರೂ ನಾಣ್ಯ ಚಿಮ್ಮಿದ ಹಾಗೇ. ಈ ರೇಶಿಯೋ ಮೇಲೆ ಕಟ್ಟಿದ ಬಹಳಷ್ಟು ಬ್ಯಾಕ್‌ಟೆಸ್ಟ್‌ಗಳು ಮಿಂಚುವುದು ಇದೇ ಲೆಕ್ಕದ ತಪ್ಪಿನಿಂದ. ಗಂಟೆ ಎಣಿಸಬೇಡಿ, ಘಟನೆ ಎಣಿಸಿ.

ಅಂಚಿಗೆ ಬಂದವುಗಳಲ್ಲೂ ಎಲ್ಲವೂ ಒಂದೇ ತೂಕದವಲ್ಲ. ಬೆಲೆ 12% ಬಿದ್ದು ಲಾಂಗ್ 75% ಆಗಿದ್ದರೆ ಅದರಲ್ಲಿ ದೊಡ್ಡ ಪಾಲು ನೆರಳೇ. ನನಗೆ ಮುಖ್ಯ ಅನ್ನಿಸುವುದು ಆ ಕನ್ನಡಿ ಒಡೆದ ಹೊತ್ತು. ಬೆಲೆ ಏರುತ್ತಿದೆ ಅಥವಾ ಮೇಲೆ ಹೋಗಿ ನಿಂತಿದೆ, ಮಾಮೂಲಿಯಂತೆ ಲಾಂಗ್ ಅಕೌಂಟ್ ಕಡಿಮೆ ಆಗಬೇಕಿತ್ತು, ಆದರೂ ಹೆಚ್ಚುತ್ತಲೇ ಇದೆ. ಲಾಭ ತೆಗೆದುಕೊಂಡು ಹೋಗಬೇಕಾದವರು ಹೋಗುತ್ತಿಲ್ಲ, ಹೊಸಬರು ಏರಿದ ಬೆಲೆಗೇ ಓಡಿ ಬಂದು ಕೊಳ್ಳುತ್ತಿದ್ದಾರೆ. ಇದು ಬೆಲೆಯಿಂದ ತಾನಾಗಿ ಹುಟ್ಟಿದ ಸಂಖ್ಯೆಯಲ್ಲ, ಜನರ ನಡವಳಿಕೆ ಬದಲಾಗಿರುವುದರ ಗುರುತು.

ಅದನ್ನು ಇನ್ನೆರಡು ಸಂಖ್ಯೆಗಳ ಜೊತೆ ತಾಳೆ ನೋಡಬೇಕು. ಮೊದಲನೆಯದು ಓಪನ್ ಇಂಟರೆಸ್ಟ್, ಅಂದರೆ ತೆರೆದಿರುವ ಒಟ್ಟು ಪೊಸಿಶನ್, ಕಾಯಿನ್ ಲೆಕ್ಕದಲ್ಲಿ. ಡಾಲರ್ ಲೆಕ್ಕದಲ್ಲಿ ನೋಡಿದರೆ ಬೆಲೆ ಏರಿದ ಮಾತ್ರಕ್ಕೇ ಅದು ಏರಿದಂತೆ ಕಾಣುತ್ತದೆ. ರೇಶಿಯೋ ಅಂಚಿನಲ್ಲಿದ್ದು ಓಪನ್ ಇಂಟರೆಸ್ಟ್ ಕಡಿಮೆ ಇದ್ದರೆ, ಗುಂಪು ವಾಲಿದೆ ನಿಜ, ಆದರೆ ಅದರಲ್ಲಿ ದುಡ್ಡಿಲ್ಲ. ಎರಡನೆಯದು ಫಂಡಿಂಗ್. 0.01% ಮಾಮೂಲಿ. ಅದು 0.1% ಆಗಿದ್ದರೆ ದಿನಕ್ಕೆ 0.3%, ಹತ್ತು ಪಟ್ಟು ಲಿವರೇಜ್ ಹಾಕಿದವರಿಗೆ ತಮ್ಮ ಮಾರ್ಜಿನ್‌ನ 3% ಪ್ರತಿ ದಿನ ಸುಮ್ನೆ ಕರಗುತ್ತದೆ. ಬೆಲೆ ಅಲ್ಲಾಡದೆ ನಿಂತರೂ ಅವರ ಲಿಕ್ವಿಡೇಶನ್ ಬೆಲೆ ದಿನೇದಿನೇ ಹತ್ತಿರ ಬರಬಹುದು. ತಲೆ ಎಣಿಕೆ ಅಂಚಿನಲ್ಲಿದೆ, ಓಪನ್ ಇಂಟರೆಸ್ಟ್ ಬೆಳೆದಿದೆ, ಫಂಡಿಂಗ್ ಸುಡುತ್ತಿದೆ: ಈ ಮೂರೂ ಒಟ್ಟಿಗೆ ಬಂದರೆ ಲಾಂಗ್‌ಗಳಿಗೆ ಕಾಯುವ ಶಕ್ತಿ ಕಡಿಮೆ ಅಂತ ಅರ್ಥ. ರೇಶಿಯೋ ಅಂಚಿನಲ್ಲಿದ್ದು ಫಂಡಿಂಗ್ ಮಾಮೂಲಿ ಇದ್ದರೆ ನಾನು ಅದನ್ನು ನಂಬುವುದಿಲ್ಲ. ಚಿಕ್ಕವರು ಕೊಳ್ಳುತ್ತಿದ್ದಾರೆ, ಎದುರಿಗೆ ಕೊಡುವವರು ಆರಾಮಾಗಿ ಕೊಡುತ್ತಿದ್ದಾರೆ, ಒತ್ತಡವೇ ಇಲ್ಲ.

ಬೈನಾನ್ಸ್‌ನಲ್ಲೇ Top Trader Long/Short Ratio (Positions) ಅಂತ ಇನ್ನೊಂದಿದೆ. ಮಾರ್ಜಿನ್ ಬ್ಯಾಲೆನ್ಸ್ ಲೆಕ್ಕದಲ್ಲಿ ಮೇಲಿನ 20% ಅಕೌಂಟುಗಳ ಪೊಸಿಶನ್ ಗಾತ್ರ ಅದು. ಎಲ್ಲರ ಅಕೌಂಟ್ ರೇಶಿಯೋ ಮೇಲೆ ಹೋಗುವಾಗ ಇದು ಕೆಳಗೆ ಬರುತ್ತಿದ್ದರೆ ನೋಡಲು ಯೋಗ್ಯ. ಆದರೆ ಹೆಡ್ಜ್ ಮಾಡುವವರೂ ಇದರಲ್ಲಿದ್ದಾರೆ ಅನ್ನೋದು ಮರೆಯಬೇಡಿ.

ಇಷ್ಟೆಲ್ಲ ಕೂಡಿ ಬಂದರೂ ತಕ್ಷಣ ಶಾರ್ಟ್ ಹಾಕಬೇಡಿ. ಅಂಚು ಅನ್ನೋದು ಒಂದು ಚುಕ್ಕೆಯಲ್ಲ, ಅದರ ಮೇಲೆ ಗುಂಪು ವಾರಗಟ್ಟಲೆ ನಿಲ್ಲಬಲ್ಲದು. 2021ರ ಜನವರಿ, ಫೆಬ್ರವರಿಯನ್ನು ನೋಡಿ. ಫಂಡಿಂಗ್ ಮಾಮೂಲಿಗಿಂತ ಬಹಳ ಮೇಲೆ ದಿನಗಟ್ಟಲೆ ನಿಂತಿತ್ತು, ಲಾಂಗ್ ಕಡೆ ನೂಕುನುಗ್ಗಲು. ಆದರೂ ಬಿಟ್‌ಕಾಯಿನ್ ವರ್ಷದ ಶುರುವಿನ ಸುಮಾರು 29,000 ಡಾಲರ್‌ನಿಂದ ಫೆಬ್ರವರಿ 21ರ ಹೊತ್ತಿಗೆ 58,000 ದಾಟಿತು. ಆಮೇಲೆ ಒಂದೇ ವಾರದಲ್ಲಿ 45,000ದ ಆಸುಪಾಸಿಗೆ ಬಿತ್ತು. ಜನವರಿಯಲ್ಲೇ ಗುಂಪಿನ ವಿರುದ್ಧ ನಿಂತವರಿಗೆ ಆ ಕೊನೆಯ ಇಳಿಕೆ ನೋಡಲು ದುಡ್ಡೇ ಉಳಿದಿರಲಿಕ್ಕಿಲ್ಲ. ಸ್ಪಾಟ್‌ನಲ್ಲಿ ನಿಜವಾದ ಹಣ ಕೊಳ್ಳುತ್ತಿದ್ದರೆ ಫ್ಯೂಚರ್ಸ್‌ನ ಗುಂಪು ಎಷ್ಟೇ ವಾಲಿದ್ದರೂ ಬೆಲೆ ಸುಲಭಕ್ಕೆ ಬೀಳುವುದಿಲ್ಲ.

ನಮ್ಮ ಎನ್‌ಎಸ್‌ಇಯಲ್ಲೂ ಇದೇ ಹೆಸರಿನ ಸಂಖ್ಯೆ ಓಡಾಡುತ್ತದೆ, ಆದರೆ ಅದು ಬೇರೆ. ಅಲ್ಲಿ ಪ್ರತಿ ಸಂಜೆ ಕ್ಲೈಂಟ್, ದೇಶದ ಸಂಸ್ಥೆಗಳಾದ ಡಿಐಐ, ವಿದೇಶಿ ಸಂಸ್ಥೆಗಳಾದ ಎಫ್‌ಐಐ, ತಮ್ಮದೇ ಹಣದಲ್ಲಿ ಟ್ರೇಡ್ ಮಾಡುವ ಬ್ರೋಕರ್‌ಗಳಾದ ಪ್ರೊ ಅಂತ ನಾಲ್ಕು ವರ್ಗಗಳ ಓಪನ್ ಇಂಟರೆಸ್ಟ್ ಪ್ರಕಟಿಸುತ್ತಾರೆ. ಇಂಡೆಕ್ಸ್ ಫ್ಯೂಚರ್ಸ್‌ನಲ್ಲಿ ಎಫ್‌ಐಐಗಳ ಲಾಂಗ್ ಎಷ್ಟು, ಶಾರ್ಟ್ ಎಷ್ಟು ಅನ್ನೋದು ಕಾಂಟ್ರಾಕ್ಟ್ ಲೆಕ್ಕ, ತಲೆ ಲೆಕ್ಕವಲ್ಲ. ಅವರ ಶಾರ್ಟ್‌ನಲ್ಲಿ ಒಂದಿಷ್ಟು ಕೈಯಲ್ಲಿರುವ ಷೇರುಗಳಿಗೆ ಹೆಡ್ಜ್. ಅಲ್ಲೂ ಅಂಚು ಎರಡೂ ರೀತಿ ವರ್ತಿಸಿದೆ. 2023ರ ಮಾರ್ಚ್‌ನಲ್ಲಿ ಎಫ್‌ಐಐ ಶಾರ್ಟ್ ವಿಪರೀತ ಆಗಿದ್ದಾಗ ನಿಫ್ಟಿ 17,000ದ ಆಸುಪಾಸಿನಲ್ಲಿ ತಳ ಹಿಡಿದು ತಿರುಗಿತು. 2025ರ ಜನವರಿಯಿಂದ ಮಾರ್ಚ್ ಶುರುವಿನವರೆಗೆ ಶಾರ್ಟ್ ಭಾರ ವಾರಗಟ್ಟಲೆ ಹಾಗೇ ಇತ್ತು, ನಿಫ್ಟಿಯೂ ಸುಮಾರು 24,000ದಿಂದ 22,000ದವರೆಗೆ ಇಳಿಯಿತು.

ಆದ್ದರಿಂದ ಅಂಚು ಕಂಡ ಮೇಲೆ ಕಾಯಬೇಕಾದ್ದು ಗುಂಪು ಒಡೆಯಲು ಶುರುವಾದ ಗುರುತಿಗೆ. ಅದು ಹೀಗಿರುತ್ತದೆ: ಬೆಲೆ ಹಿಂದಿನ ಕೆಲವು ದಿನಗಳ ತಳವನ್ನು ಮುರಿಯುತ್ತದೆ, ಅದೇ ಹೊತ್ತಿಗೆ ಕಾಯಿನ್ ಲೆಕ್ಕದ ಓಪನ್ ಇಂಟರೆಸ್ಟ್ ಇಳಿಯುತ್ತದೆ. ಬೆಲೆ ಇಳಿದು ಓಪನ್ ಇಂಟರೆಸ್ಟ್ ಏರಿದರೆ ಹೊಸ ಶಾರ್ಟ್‌ಗಳು ಬರುತ್ತಿವೆ, ಆ ಶಾರ್ಟ್‌ಗಳೇ ನಾಳೆ ಬೆಲೆಯನ್ನು ಮೇಲೆತ್ತುವ ಇಂಧನ ಆಗಬಹುದು. ಎರಡೂ ಇಳಿದರೆ ಲಾಂಗ್‌ಗಳು ಹೊರಬೀಳುತ್ತಿದ್ದಾರೆ. ನಿಮಗೆ ಬೇಕಾದ್ದು ಎರಡನೆಯದು. ತುದಿ ಸಿಗುವುದಿಲ್ಲ, ಮೊದಲ ಒಂದೆರಡು ಶೇಕಡಾ ಕೈತಪ್ಪುತ್ತದೆ. ಅದು ತೆರಲೇಬೇಕಾದ ಬೆಲೆ.

ಹೊರಬರುವಾಗ ರೇಶಿಯೋ ಇಳಿಯಲಿ ಅಂತ ಕಾಯಬೇಡಿ. ಕುಸಿತದಲ್ಲಿ ಹಳೇ ಲಾಂಗ್‌ಗಳು ಹೋದ ಜಾಗಕ್ಕೆ ಅಗ್ಗಕ್ಕೆ ಸಿಕ್ಕಿತು ಅಂತ ಹೊಸ ಚಿಕ್ಕವರು ಬಂದು ಕೊಳ್ಳುತ್ತಾರೆ, ಹಾಗಾಗಿ ರೇಶಿಯೋ ಇನ್ನೂ ಮೇಲೇ ಇರಬಹುದು. ಓಪನ್ ಇಂಟರೆಸ್ಟ್ ದೊಡ್ಡದಾಗಿ ಖಾಲಿಯಾಗಿ, ಫಂಡಿಂಗ್ ಮಾಮೂಲಿಗೆ ಅಥವಾ ಸೊನ್ನೆಗಿಂತ ಕೆಳಗೆ ಬಂದರೆ ಆ ಸಿಗ್ನಲ್‌ನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಹಿಡಿದುಕೊಂಡರೆ ಅದು ಬೇರೆಯೇ ಟ್ರೇಡ್. ಕುಸಿತ ತೀರಾ ಜೋರಾಗಿದ್ದರೆ ನಿಮ್ಮ ಕೈಯಲ್ಲಿ ಇಲ್ಲದ ಇನ್ನೊಂದು ಸಂಗತಿಯೂ ಇದೆ. ಲಿಕ್ವಿಡೇಶನ್‌ನ ನಷ್ಟ ಇನ್ಶೂರೆನ್ಸ್ ಫಂಡ್ ತಡೆಯಲಾರದಷ್ಟು ಆದರೆ ಎಕ್ಸ್‌ಚೇಂಜ್ ಆಟೋ ಡೀಲಿವರೇಜಿಂಗ್ ಅಂತ ಲಾಭದಲ್ಲಿರುವ ಎದುರು ಪೊಸಿಶನ್‌ಗಳನ್ನು ತಾನೇ ಮುಚ್ಚುತ್ತದೆ. ಅಕ್ಟೋಬರ್ 10ರಂದು ಹೀಗೆ ಹಲವರ ಗೆಲ್ಲುತ್ತಿದ್ದ ಶಾರ್ಟ್‌ಗಳು ಅರ್ಧದಲ್ಲೇ ಮುಚ್ಚಿಹೋದವು. ಒಂದು ಕಡೆ ಲಾಂಗ್, ಇನ್ನೊಂದು ಕಡೆ ಶಾರ್ಟ್ ಇಟ್ಟುಕೊಂಡು ಸಮ ಅಂದುಕೊಂಡವರಿಗೆ ಅದರ ಪೆಟ್ಟು ಇನ್ನೂ ಜೋರು, ಒಂದು ಕಡೆಯ ಪೊಸಿಶನ್ ಇದ್ದಕ್ಕಿದ್ದಂತೆ ಇಲ್ಲವಾಯಿತು.

ಶಾರ್ಟ್ ಕಡೆಯ ಅಂಚು ಅಪರೂಪ, ಆದರೆ ನನ್ನ ಮಟ್ಟಿಗೆ ಅದು ಹೆಚ್ಚು ನಂಬಿಕೆಗೆ ಅರ್ಹ. ಚಿಕ್ಕ ಅಕೌಂಟಿನವರ ಸಹಜ ಒಲವು ಲಾಂಗ್ ಕಡೆಗೆ ಅಲ್ವಾ? ಅವರೇ ಬಹುಮತದಲ್ಲಿ ಶಾರ್ಟ್ ಆಗಿ, ಅದೂ ಬೆಲೆ ಇಳಿದ ಮೇಲೆ ಶಾರ್ಟ್ ಆಗಿದ್ದರೆ, ನೆರಳಿನ ಲೆಕ್ಕಕ್ಕೆ ಅದು ಪೂರ್ತಿ ವಿರುದ್ಧ. ಜೊತೆಗೆ ಫಂಡಿಂಗ್ ಸೊನ್ನೆಗಿಂತ ಕೆಳಗಿದ್ದರೆ ಕಾಯುವುದಕ್ಕೆ ಅವರೇ ದುಡ್ಡು ತೆರುತ್ತಿರುತ್ತಾರೆ. ಇದು ಬೆಲೆ ಏರುತ್ತಾ ಏರುತ್ತಾ ಶಾರ್ಟ್ ಹೆಚ್ಚುವುದಕ್ಕಿಂತ ಬೇರೆ. ಏರುವ ಮಾರ್ಕೆಟ್‌ನಲ್ಲಿ ರೇಶಿಯೋ ಕೆಳಗಿರುವುದು ಮಾಮೂಲಿ. ಇನ್ನು ಈ ಕಡೆ ಅಂಚು 0.25ರವರೆಗೆ ಇಳಿಯಲಿ ಅಂತ ಕಾದರೆ ಬಿಟ್‌ಕಾಯಿನ್‌ನಲ್ಲಿ ಕಾಯುತ್ತಲೇ ಇರಬೇಕು, ಎರಡು ಕಡೆಯೂ ಅಂಚು ಒಂದೇ ದೂರದಲ್ಲಿಲ್ಲ. ಅದಕ್ಕೇ ಶೇಕಡಾವಾರಿನ ಜಾಗ ನೋಡಿ ಅಂದಿದ್ದು.

ನಿಮ್ಮ ಹಳೇ ಟ್ರೇಡ್‌ಗಳ ಪಟ್ಟಿ ಇದ್ದರೆ ಒಂದು ಕೆಲಸ ಮಾಡಿ. ಪ್ರತಿ ಎಂಟ್ರಿಯ ಪಕ್ಕದಲ್ಲಿ ಅದಕ್ಕೂ ಹಿಂದಿನ 48 ಗಂಟೆಯಲ್ಲಿ ಬೆಲೆ ಎಷ್ಟು ಶೇಕಡಾ ಬದಲಾಗಿತ್ತು, ಆ ಹೊತ್ತಿನ ಫಂಡಿಂಗ್ ಎಷ್ಟಿತ್ತು ಅಂತ ಬರೆಯಿರಿ. ಎಲ್ಲ ಸಾಲಿನಲ್ಲೂ ಬೆಲೆ ಇಳಿದಿರುವುದೇ ಕಂಡರೆ, ಫಂಡಿಂಗ್ 0.01% ಅಥವಾ ಅದಕ್ಕಿಂತ ಕಡಿಮೆಯೇ ಇದ್ದರೆ, ನೀವು ಗುಂಪಿನ ವಿರುದ್ಧ ಟ್ರೇಡ್ ಮಾಡಿಯೇ ಇಲ್ಲ. ಇಳಿದ ಬೆಲೆಯ ಹಿಂದೆ ಹೋಗಿದ್ದೀರಿ.